ಸ್ವಿಚ್ ಆಫ್ ಇತ್ತು, ಆದರೂ ಶಾಕ್ ಹೊಡೆಯಿತು

ವಿದ್ಯಾರ್ಥಿಗಳೇ, ಹಿಂದೂಪುರ ಗೋರಂಟ್ಲ ಕಡೆ ರಸ್ತೆ ಪಕ್ಕದ ಶೆಡ್‌ಗಳನ್ನು ನೀವು ನೋಡೇ ಇರ್ತೀರಿ. ಒಂದರಲ್ಲಿ ಬೋರ್‌ವೆಲ್ ಮೋಟಾರಿಗೆ ಹೊಸ ಸುರುಳಿ ಸುತ್ತುತ್ತಿರುತ್ತಾರೆ, ಇನ್ನೊಂದರಲ್ಲಿ ಟ್ರಾಕ್ಟರ್ ಟ್ರೈಲರಿಗೆ ವೆಲ್ಡಿಂಗ್ ನಡೆದಿರುತ್ತದೆ. ಇಂಥ ಕಡೆ ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಕೇಳಿಬರೋ ಮಾತು, "ಸ್ವಿಚ್ ಆಫ್ ಮಾಡೇ ಇತ್ತು ಅಣ್ಣಾ" ಅನ್ನೋದು. ಕೇಳಿದವರು ನಂಬುವುದಿಲ್ಲ. ಆದರೆ ಆ ಮಾತು ಪೂರ್ತಿ ನಿಜವಾಗಿರಬಹುದು. ಅದು ಹೇಗೆ, ಅದನ್ನು ಪತ್ತೆ ಹಚ್ಚಲು ಶಾಕ್ ಆದ ಮೇಲೆ ಏನನ್ನು ಯಾವ ಕ್ರಮದಲ್ಲಿ ಬರೆದಿಡಬೇಕು ಎಂಬುದು ಈ ಪಾಠ.

ಪಾಠಕ್ಕಾಗಿ ಒಂದು ಶೆಡ್ಡನ್ನು ಊಹಿಸಿಕೊಳ್ಳೋಣ. ಗೋಡೆಯ ಮೇಲೆ ಮೂರು ತೂತಿನ ಒಂದು ಸಾಕೆಟ್ ಇದೆ. ಅದರಿಂದ ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ತಂತಿ ಎಳೆದಿದ್ದಾರೆ. ಆ ತಂತಿಯಲ್ಲಿ ಇರುವುದು ಎರಡೇ ಎಳೆ, ತುದಿಯಲ್ಲಿ ಎರಡು ಪಿನ್ನಿನ ಪ್ಲಗ್. ಬೋರ್ಡಿನಲ್ಲಿ ಒಂದು ಸ್ವಿಚ್, ಒಂದು ಮೂರು ತೂತಿನ ಸಾಕೆಟ್. ಆ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ, ಅಂದರೆ ಭೂಸಂಪರ್ಕದ ತೂತಿಗೆ, ಹಿಂದುಗಡೆ ಯಾವ ತಂತಿಯೂ ಇಲ್ಲ. ಬೋರ್ಡಿಗೆ ಅರ್ಧ ಎಚ್‌ಪಿಯ ಒಂದು ಡ್ರಿಲ್ಲಿಂಗ್ ಮಷೀನು ಸಿಕ್ಕಿಸಿದ್ದಾರೆ. ಅದು ಮರದ ಬೆಂಚಿನ ಮೇಲೆ ಕೂತಿದೆ. ಮಷೀನಿನದೇ ಸ್ವಿಚ್ಚು ಯಾವಾಗಲೋ ಕೆಟ್ಟು ಹೋಗಿ ತಂತಿಯನ್ನು ನೇರ ಜೋಡಿಸಿದ್ದಾರೆ. ಹಾಗಾಗಿ ಓಡಿಸೋದು, ನಿಲ್ಲಿಸೋದು ಎಲ್ಲಾ ಬೋರ್ಡಿನ ಸ್ವಿಚ್ಚಿನಿಂದಲೇ.

ಒಂದು ದಿನ ಕೆಲಸಗಾರ ಸ್ವಿಚ್ ಆಫ್ ಮಾಡಿ, ಬಿಟ್ ಬದಲಾಯಿಸಲು ಚಕ್ ಹಿಡಿದ. ಬರಿಗಾಲು, ಕೆಳಗೆ ನೀರು ಚೆಲ್ಲಿದ ನೆಲ. ಕೈ ಮಷೀನಿಗೆ ಅಂಟಿಕೊಂಡಿತು. ಪಕ್ಕದವನು ಅವನನ್ನು ಮುಟ್ಟದೆ, ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿದ. ಆತ ಮಾಡಿದ್ದು ಸರಿ. ಎಳೆಯಲು ಹೋಗಿದ್ದರೆ ಇಬ್ಬರಿಗೂ ಹೊಡೆಯುತ್ತಿತ್ತು. ಕೆಲಸಗಾರನನ್ನು 108ರಲ್ಲಿ ಆಸ್ಪತ್ರೆಗೆ ಕಳಿಸಿದರು. ಎದ್ದು ಕೂತು ಮಾತಾಡುತ್ತಿದ್ದರೂ ಕಳಿಸಲೇಬೇಕು. ವಿದ್ಯುತ್ ಎದೆಯ ಮೂಲಕ ಹಾದಿದ್ದರೆ ಹೃದಯದ ಬಡಿತ ತಾಳ ತಪ್ಪಿರಬಹುದು, ಅದು ಇಸಿಜಿ ತೆಗೆದರೆ ಮಾತ್ರ ಗೊತ್ತಾಗುತ್ತದೆ.

ಈಗ ಶೆಡ್ಡಿನಲ್ಲಿ ಉಳಿದವರಿಗೆ ಒಂದು ಆತುರ ಬರುತ್ತದೆ. ಪ್ಲಗ್ ಕಿತ್ತು, ತಂತಿ ಸುತ್ತಿ, ಮಷೀನನ್ನು ಮೂಲೆಗೆ ತಳ್ಳಿ, ನೆಲ ಒರೆಸಿಬಿಡೋಣ ಎಂದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಈ ಶೆಡ್ಡಿನಲ್ಲಿ ಪ್ಲಗ್ ಕಿತ್ತ ಕ್ಷಣಕ್ಕೇ ಮುಖ್ಯ ಸಾಕ್ಷಿ ಕಳೆದುಹೋಗುತ್ತದೆ. ಯಾಕೆಂದು ನೋಡೋಣ.

ಎರಡು ಪಿನ್ನಿನ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಹೇಗೆ ಬೇಕಾದರೂ ಹಾಕಬಹುದು. ತಿರುಗಿಸಿ ಹಾಕಿದರೂ ಕೂರುತ್ತದೆ. ಮೂರು ಪಿನ್ನಿನದು ಹಾಗಲ್ಲ, ಮೇಲಿನ ದಪ್ಪ ಪಿನ್ನು ಅದನ್ನು ಒಂದೇ ರೀತಿ ಕೂರಿಸುತ್ತದೆ. ಬೋರ್ಡಿಗೆ ಹೋಗುವ ಎರಡು ಎಳೆಗಳಿಗೆ ಅ ಮತ್ತು ಆ ಎಂದು ಹೆಸರಿಡೋಣ. ಸ್ವಿಚ್ಚು ಇರುವುದು ಅ ಎಳೆಯಲ್ಲಿ. ಆ ಎಳೆ ಸ್ವಿಚ್ಚಿಲ್ಲದೆ ನೇರ ಮಷೀನಿಗೆ ಹೋಗುತ್ತದೆ. ಅದೇ ಎಳೆ ಮೋಟಾರಿನ ಟರ್ಮಿನಲ್ ಬಾಕ್ಸಿಗೆ ನುಗ್ಗುವಲ್ಲಿ, ತೂತಿನ ಅಂಚಿಗೆ ಹಾಕಬೇಕಿದ್ದ ರಬ್ಬರ್ ಬುಶ್ ಇಲ್ಲ. ಮಷೀನು ನಡುಗಿ ನಡುಗಿ ತಗಡಿನ ಅಂಚು ತಂತಿಯ ಹೊದಿಕೆಯನ್ನು ಕೊರೆದಿದೆ, ಒಳಗಿನ ತಾಮ್ರ ಮಷೀನಿನ ಮೈಗೆ ತಾಗಿದೆ.

ಪ್ಲಗ್ ಒಂದು ರೀತಿ ಕೂತಾಗ ಅ ಎಳೆ ಸಜೀವ ತಂತಿ (ಫೇಸ್), ಆ ಎಳೆ ತಟಸ್ಥ ತಂತಿ (ನ್ಯೂಟ್ರಲ್). ಮಷೀನಿನ ಮೈಗೆ ತಾಗಿರುವುದು ನ್ಯೂಟ್ರಲ್. ಅದರ ವಿಭವ ಭೂಮಿಗಿಂತ ಹೆಚ್ಚೇನೂ ಬೇರೆ ಇರುವುದಿಲ್ಲ, ಮುಟ್ಟಿದರೆ ಏನೂ ಆಗದು. ಸ್ವಿಚ್ಚು ಕೂಡ ಸರಿಯಾಗಿ ಫೇಸನ್ನೇ ಕಡಿಯುತ್ತದೆ. ಪ್ಲಗ್ಗನ್ನು ತಿರುಗಿಸಿ ಹಾಕಿದ ದಿನ ಎಲ್ಲ ತಲೆಕೆಳಗು. ಈಗ ಆ ಎಳೆಯೇ ಫೇಸ್. ಅದು ಸ್ವಿಚ್ಚನ್ನು ದಾಟದೆ ನೇರ ಬಂದು ಮಷೀನಿನ ಮೈಗೆ ತಾಗಿದೆ. ಸ್ವಿಚ್ ಆಫ್ ಮಾಡಿದರೆ ಕಡಿಯುವುದು ನ್ಯೂಟ್ರಲ್ಲನ್ನು. ಮೋಟಾರು ನಿಲ್ಲುತ್ತದೆ, ನಿಜ. ಆದರೆ ಮಷೀನಿನ ಮೈ 230 ವೋಲ್ಟಿನಲ್ಲೇ ಇರುತ್ತದೆ.

ಇಂಥ ಶೆಡ್‌ಗಳಲ್ಲಿ "ಒಂದೊಂದು ದಿನ ಜುಮ್ ಅಂತಿತ್ತು, ಒಂದೊಂದು ದಿನ ಏನೂ ಇಲ್ಲ" ಎಂದು ಹೇಳುವುದುಂಟು. ಅದಕ್ಕೂ ಇಲ್ಲಿ ಉತ್ತರ ಸಿಕ್ಕಿತು. ಜುಮ್ ಎಂದದ್ದು ಪ್ಲಗ್ ತಿರುಗಿದ ದಿನ, ಅದೂ ಒಣ ರಬ್ಬರ್ ಚಪ್ಪಲಿ ಹಾಕಿದ್ದಾಗ. ಚಪ್ಪಲಿಯ ರೋಧ ಪ್ರವಾಹವನ್ನು ತಡೆದು, ಸ್ವಲ್ಪ ಮಾತ್ರ ಹರಿಯಲು ಬಿಟ್ಟಿತ್ತು. ಬರಿಗಾಲು, ಒದ್ದೆ ನೆಲ ಆದಾಗ ಲೆಕ್ಕ ಬೇರೆ. ಕೈಯಿಂದ ಕಾಲಿನವರೆಗೆ, ನೆಲವೂ ಸೇರಿ, 1500 ಓಮ್ ಎಂದು ಇಟ್ಟುಕೊಳ್ಳಿ. ಓಮ್‌ನ ನಿಯಮ ನಿಮಗೆ ಗೊತ್ತು:

I = V / R = 230 / 1500 = 0.153 A

ಅಂದರೆ ಸುಮಾರು 150 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ಕೈ ಅಂಟಿಕೊಂಡದ್ದು ಅದಕ್ಕೇ. ಕರೆಂಟು ಎಳೆದುಕೊಳ್ಳುತ್ತದೆ ಅಂತಾರಲ್ಲ, ಎಳೆಯೋದು ಕರೆಂಟಲ್ಲ, ನಮ್ಮದೇ ಸ್ನಾಯು. 150 ಮಿಲಿಆಂಪಿಯರ್ ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೂ ಪ್ರಾಣ ಹೋಗಬಹುದು.

ಫ್ಯೂಸ್ ಯಾಕೆ ಹೋಗಲಿಲ್ಲ ಎಂದು ಕೇಳಬಹುದು. ಫ್ಯೂಸ್ 6 ಆಂಪಿಯರಿನದು ಎನ್ನೋಣ. ಅದರ ಕಣ್ಣಿಗೆ 0.15 ಆಂಪಿಯರ್ ಏನೂ ಅಲ್ಲ, ಒಂದು ಸಣ್ಣ ಬಲ್ಬು ಉರಿದಷ್ಟೇ. ಫ್ಯೂಸ್ ಇರುವುದು ತಂತಿಯನ್ನು ಉಳಿಸಲು, ಮನುಷ್ಯನನ್ನಲ್ಲ.

ಈಗ ಬರೆದಿಡುವ ಕ್ರಮಕ್ಕೆ ಬರೋಣ. ಇದನ್ನು ಮಾಡಬೇಕಾದವರು ಲೈಸೆನ್ಸ್ ಇರುವ ವೈರ್‌ಮ್ಯಾನ್, ನೀವಲ್ಲ. ನೀವು ದೂರ ನಿಂತು ಅವರು ಹೇಳಿದ್ದನ್ನು ಬರೆದುಕೊಳ್ಳಬಹುದು, ಅದೂ ದೊಡ್ಡ ಸಹಾಯವೇ.

ಮೊದಲ ಸಾಲು ಮೇನ್ ಸ್ವಿಚ್ಚಿನದು: ಯಾರು ಇಳಿಸಿದರು, ಎಷ್ಟು ಗಂಟೆಗೆ. ಆಮೇಲೆ ವೈರ್‌ಮ್ಯಾನ್ ಫ್ಯೂಸ್ ಕ್ಯಾರಿಯರ್ ಕಿತ್ತು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಸ್ವಿಚ್ಚಿಗೆ ಬೀಗ ಹಾಕಲು ಜಾಗ ಇದ್ದರೆ ಬೀಗ, ಜೊತೆಗೆ ಹೆಸರು ಮತ್ತು ಸಮಯ ಬರೆದ ಒಂದು ಚೀಟಿ. ಊರಿನ ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ "ಎಲ್‌ಸಿ ತಗೊಂಡಿದ್ದೀವಿ" ಅನ್ನೋದನ್ನ ಕೇಳಿರ್ತೀರಿ. ಲೈನ್ ಕ್ಲಿಯರ್ ಎಂದರೆ ಅದೇ. ಅಲ್ಲಿಯೂ ಯಾರು ತಗೊಂಡರು, ಯಾವ ಲೈನು, ಎಷ್ಟು ಹೊತ್ತಿಗೆ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ತಗೊಂಡವರೇ ವಾಪಸ್ ಕೊಡುವವರೆಗೆ ಯಾರೂ ಲೈನ್ ಚಾರ್ಜ್ ಮಾಡುವಂತಿಲ್ಲ. ಜೇಬಿನಲ್ಲಿರುವ ಫ್ಯೂಸ್ ಕ್ಯಾರಿಯರ್ ಈ ಸಣ್ಣ ಶೆಡ್ಡಿನ ಎಲ್‌ಸಿ.

ಮುಂದಿನದು ಕರೆಂಟು ನಿಜವಾಗಿ ಇಲ್ಲ ಎಂದು ಸಾಬೀತು ಮಾಡುವುದು. ಇಲ್ಲಿ ಮೂರು ಹೆಜ್ಜೆ. ಪಕ್ಕದ ಶೆಡ್ಡಿನಲ್ಲಿ ಕರೆಂಟು ಇರುವ ಸಾಕೆಟ್ಟಿನಲ್ಲಿ ಮೀಟರ್ ಹಿಡಿದು ಅದು ಸರಿಯಾಗಿ 230 ವೋಲ್ಟ್ ಆಸುಪಾಸು ತೋರಿಸುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಇಲ್ಲಿ ಅಳೆಯುತ್ತಾರೆ. ಮತ್ತೆ ಪಕ್ಕದ ಶೆಡ್ಡಿಗೆ ಹೋಗಿ ಇನ್ನೊಮ್ಮೆ ನೋಡುತ್ತಾರೆ. ಈ ಮೂರನೆಯ ಹೆಜ್ಜೆ ಅತಿಯಾಯಿತು ಅನ್ನಿಸಬಹುದು. ಆದರೆ ನಡುವೆ ಮೀಟರಿನ ಸೆಲ್ ಮುಗಿದಿದ್ದರೆ, ಇಲ್ಲವೇ ಅದರ ತಂತಿ ತುಂಡಾಗಿದ್ದರೆ, ಅದು ತೋರಿಸಿದ ಸೊನ್ನೆಗೆ ಬೆಲೆ ಏನು?

ಎಲ್ಲಿ ಅಳೆದರು ಎಂಬುದನ್ನೂ ಬರೆಯಬೇಕು. ಈ ಶೆಡ್ಡಿನಲ್ಲಿ ಅದರಲ್ಲೇ ಒಂದು ಮೋಸ ಅಡಗಿದೆ. ಮೇನ್ ಇಳಿಸದೆ, ಬೋರ್ಡಿನ ಸ್ವಿಚ್ಚನ್ನಷ್ಟೇ ಆಫ್ ಮಾಡಿ, ಬೋರ್ಡಿನ ಸಾಕೆಟ್ಟಿನಲ್ಲೇ ಮೀಟರ್ ಹಿಡಿದರು ಎನ್ನೋಣ. ಕೆಳಗಿನ ಎರಡು ತೂತಿನ ನಡುವೆ ಅಳೆದರೆ ಸೊನ್ನೆ, ಏಕೆಂದರೆ ಸ್ವಿಚ್ಚು ನ್ಯೂಟ್ರಲ್ಲನ್ನು ಕಡಿದಿದೆ. ಫೇಸ್ ತೂತಿಗೂ ಭೂಸಂಪರ್ಕದ ತೂತಿಗೂ ನಡುವೆ ಅಳೆದರೆ ಅದೂ ಸೊನ್ನೆ, ಇಲ್ಲವೇ ಡಿಜಿಟಲ್ ಮೀಟರಿನಲ್ಲಿ ಕುಣಿಯುವ ಯಾವುದೋ ಅಂಕಿ, ಏಕೆಂದರೆ ಆ ತೂತಿಗೆ ತಂತಿಯೇ ಇಲ್ಲ. ಮೂರೂ ತೂತುಗಳ ನಡುವೆ ಹೇಗೆ ಅಳೆದರೂ "ಕರೆಂಟ್ ಇಲ್ಲ" ಎಂದೇ ಉತ್ತರ. ಮಷೀನಿನ ಮೈ ಮಾತ್ರ 230 ವೋಲ್ಟಿನಲ್ಲಿ ಕೂತಿದೆ! ಅದಕ್ಕೇ ಅಳತೆಯನ್ನು ಗೋಡೆಯ ಸಾಕೆಟ್ಟಿನಲ್ಲಿ, ಭೂಸಂಪರ್ಕ ಇದೆ ಎಂದು ಖಾತ್ರಿಯಾದ ಕಡೆ, ಮಾಡಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಭೂಸಂಪರ್ಕದ ನಡುವೆ, ನ್ಯೂಟ್ರಲ್ ಮತ್ತು ಭೂಸಂಪರ್ಕದ ನಡುವೆ, ಹೀಗೆ ಮೂರು ಜೋಡಿ. "ಚೆಕ್ ಮಾಡಿದೆ, ಕರೆಂಟ್ ಇರಲಿಲ್ಲ" ಎಂದು ಒಂದೇ ಸಾಲು ಬರೆದರೆ, ಓದಿದವರಿಗೆ ಅದು ಯಾವ ಸೊನ್ನೆ ಎಂದು ತಿಳಿಯುವುದಿಲ್ಲ.

ಇಷ್ಟಾದ ಮೇಲೆ ಪ್ಲಗ್. ಕೀಳುವ ಮೊದಲು ಫೋಟೋ ತೆಗೆಯಬೇಕು, ಜೊತೆಗೆ ಪ್ಲಗ್ಗಿನ ಮೇಲೂ ಸಾಕೆಟ್ಟಿನ ಮೇಲೂ ಅಡ್ಡವಾಗಿ ಒಂದು ಗೆರೆ ಎಳೆಯಬೇಕು. ಕಿತ್ತ ಮೇಲೆ ಎರಡು ಗೆರೆ ಕೂಡಿಸಿದರೆ ಅದು ಹೇಗೆ ಕೂತಿತ್ತು ಎಂದು ನಾಳೆಯೂ ಹೇಳಬಹುದು. ನಮ್ಮ ಶೆಡ್ಡಿನ ಪುಸ್ತಕ ಹೀಗಿರುತ್ತದೆ:

ಬೆಳಿಗ್ಗೆ 11:40. ಮೇನ್ ಸ್ವಿಚ್ ಇಳಿಸಿದ್ದು ಪಕ್ಕದ ಕೆಲಸಗಾರ (ಅವರೇ ಹೇಳಿದ್ದು).
12:15. ಫ್ಯೂಸ್ ಕ್ಯಾರಿಯರ್ ತೆಗೆದು ವೈರ್‌ಮ್ಯಾನ್ ಬಳಿ. ಚೀಟಿ ಕಟ್ಟಿದೆ.
12:25. ಪಕ್ಕದ ಶೆಡ್ಡಿನಲ್ಲಿ ಮೀಟರ್ 232 ವೋಲ್ಟ್. ಇಲ್ಲಿ ಗೋಡೆ ಸಾಕೆಟ್ಟಿನ ಮೂರೂ ಜೋಡಿ 0. ಮತ್ತೆ ಪಕ್ಕದ ಶೆಡ್ಡಿನಲ್ಲಿ 231.
12:30. ಬೋರ್ಡಿನ ಸ್ವಿಚ್ ಕಂಡ ಸ್ಥಿತಿ: ಆಫ್. ಘಟನೆಯ ನಂತರ ಮುಟ್ಟಿಲ್ಲ (ಇಬ್ಬರೂ ಹೇಳಿದ್ದು).
12:35. ಎರಡು ಪಿನ್ನಿನ ಪ್ಲಗ್, ಗೆರೆ ಎಳೆದು ಫೋಟೋ ತೆಗೆದು ಕಿತ್ತಿದೆ. ಬೋರ್ಡಿನ ಸ್ವಿಚ್ಚಿಗೆ ಹೋಗುವ ಎಳೆ ಸಾಕೆಟ್ಟಿನ ನ್ಯೂಟ್ರಲ್ ತೂತಿನಲ್ಲಿತ್ತು.
12:50. ಬೋರ್ಡಿನ ಭೂಸಂಪರ್ಕದ ತೂತಿಗೆ ತಂತಿ ಇಲ್ಲ.
1:05. ಮಷೀನಿನ ಪ್ಲಗ್: ಎಡ ಪಿನ್ನಿನಿಂದ ಮೈಗೆ ಕೆಲವು ಓಮ್, ಬಲ ಪಿನ್ನಿನಿಂದ ಮೈಗೆ 0.3 ಓಮ್. ಟರ್ಮಿನಲ್ ಬಾಕ್ಸ್ ತೂತಿಗೆ ಬುಶ್ ಇಲ್ಲ, ಹೊದಿಕೆ ಸವೆದು ತಾಮ್ರ ಕಾಣುತ್ತದೆ. ನೆಲ ಒದ್ದೆ.

ಇದರಲ್ಲಿ ಎರಡು ಸಂಗತಿ ಗಮನಿಸಿ. ಕಂಡದ್ದು ಬೇರೆ, ಯಾರೋ ಹೇಳಿದ್ದು ಬೇರೆ ಎಂದು ಗುರುತು ಮಾಡಿದ್ದಾರೆ. "ವೈರಿಂಗ್ ಸರಿಯಿಲ್ಲ" ಎಂಬಂಥ ತೀರ್ಪು ಎಲ್ಲೂ ಇಲ್ಲ. ತೀರ್ಪು ಬರೆದುಬಿಟ್ಟರೆ ಹುಡುಕುವುದು ಅಲ್ಲಿಗೇ ನಿಲ್ಲುತ್ತದೆ. ಸವೆದ ತಂತಿಯೊಂದೇ ಸಿಕ್ಕಿದ್ದರೆ ಅದಕ್ಕೆ ಟೇಪು ಸುತ್ತಿ ಕೆಲಸ ಮುಗಿಸುತ್ತಿದ್ದರು. ಪ್ಲಗ್ ತಿರುಗುವುದು, ಭೂಸಂಪರ್ಕ ಇಲ್ಲದಿರುವುದು ಹಾಗೇ ಉಳಿದು ಮುಂದಿನ ಮಷೀನಿಗಾಗಿ ಕಾಯುತ್ತಿದ್ದವು.

ಎಡ ಪಿನ್ನಿಗೆ ಕೆಲವು ಓಮ್, ಬಲ ಪಿನ್ನಿಗೆ ಸೊನ್ನೆಯ ಹತ್ತಿರ ಯಾಕೆ? ಎಡ ಪಿನ್ನಿನಿಂದ ಮೈಗೆ ಹೋಗಬೇಕಾದರೆ ಮೋಟಾರಿನ ಸುರುಳಿಯನ್ನು ದಾಟಿ ಬರಬೇಕು, ಆ ಕೆಲವು ಓಮ್ ಸುರುಳಿಯದು. ಬಲ ಪಿನ್ನಿನ ತಂತಿ ನೇರ ತಾಗಿದೆ. ಪೆಟ್ಟಿಗೆ ಬಿಚ್ಚುವ ಮೊದಲೇ ಎರಡು ಅಂಕಿಗಳು ತಪ್ಪಿರುವ ಎಳೆಯನ್ನು ತೋರಿಸಿಕೊಟ್ಟವು.

ವಿದ್ಯುತ್‌ನಿಂದ ಜನರಿಗಾಗಲಿ ದನಕರುಗಳಿಗಾಗಲಿ ಸಾವುನೋವು ಆದರೆ ವಿದ್ಯುತ್ ಇನ್‌ಸ್ಪೆಕ್ಟರಿಗೆ ತಿಳಿಸಬೇಕೆಂದು 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಹೇಳುತ್ತದೆ. ಅವರು ಬರುವ ಹೊತ್ತಿಗೆ ಶೆಡ್ಡು ಗುಡಿಸಿ ಸಾರಿಸಿದಂತಿದ್ದರೆ, ಈ ಪುಟವೊಂದೇ ಉಳಿದ ಸಾಕ್ಷಿ. ಆಸ್ಪತ್ರೆಯಲ್ಲಿರುವ ಕೆಲಸಗಾರನ "ಆಫ್ ಮಾಡೇ ಇತ್ತು" ಎಂಬ ಮಾತಿಗೆ ಬೆಂಬಲ ಕೊಡುವುದೂ ಈ ಪುಟವೇ. ಇಲ್ಲದಿದ್ದರೆ ಅವನದೇ ಅಜಾಗರೂಕತೆ ಎಂದು ಬರೆದು ಮುಗಿಸುವುದು ಸುಲಭ.

ಈ ಮೋಸವನ್ನು ಶಾಲೆಯಲ್ಲಿ ಅಪಾಯವಿಲ್ಲದೆ ಮಾಡಿ ನೋಡಬಹುದು. ಗೋಡೆಯ ಸಾಕೆಟ್ ಬೇಡವೇ ಬೇಡ, ಎರಡು ಟಾರ್ಚ್ ಸೆಲ್ ಸಾಕು. ಸಾಲಾಗಿ ಜೋಡಿಸಿದರೆ 3 ವೋಲ್ಟ್. ಧನ ತುದಿ ಫೇಸ್, ಋಣ ತುದಿ ನ್ಯೂಟ್ರಲ್ ಎಂದುಕೊಳ್ಳಿ. ಒಂದು ಟಾರ್ಚ್ ಬಲ್ಬು ಮೋಟಾರು. ಒಂದು ಅಲ್ಯೂಮಿನಿಯಂ ಹಾಳೆ ಭೂಮಿ, ಅದನ್ನು ಋಣ ತುದಿಗೆ ಜೋಡಿಸಿ, ಯಾಕೆಂದರೆ ಟ್ರಾನ್ಸ್‌ಫಾರ್ಮರಿನ ಹತ್ತಿರ ನ್ಯೂಟ್ರಲ್ಲನ್ನು ಭೂಮಿಗೆ ಸೇರಿಸಿರುತ್ತಾರೆ. ಇನ್ನೊಂದು ಹಾಳೆ ಮಷೀನಿನ ಮೈ, ಅದನ್ನು ಬಲ್ಬಿನ ಧನ ಬದಿಯ ಕಾಲಿಗೆ ಜೋಡಿಸಿ. ಇದೇ ಸವೆದ ತಂತಿ. ಎರಡು ಹಾಳೆಗಳ ನಡುವೆ ಮನುಷ್ಯನ ಬದಲು ಒಂದು ಕೆಂಪು ಎಲ್‌ಇಡಿ ಮತ್ತು 100 ಓಮ್ ರೋಧಕವನ್ನು ಸಾಲಾಗಿ ಇಡಿ, ಎಲ್‌ಇಡಿಯ ಉದ್ದ ಕಾಲು ಮೈ ಕಡೆ ಇರಲಿ. ಸ್ವಿಚ್ಚನ್ನು ಮೊದಲು ಧನ ತುದಿಗೂ ಬಲ್ಬಿಗೂ ನಡುವೆ ಹಾಕಿ, ಆಫ್ ಮಾಡಿ. ಬಲ್ಬೂ ಎಲ್‌ಇಡಿಯೂ ಆರುತ್ತವೆ. ಈಗ ಸ್ವಿಚ್ಚನ್ನು ಬಲ್ಬಿಗೂ ಋಣ ತುದಿಗೂ ನಡುವೆ ಹಾಕಿ. ಆಫ್ ಮಾಡಿದರೆ ಬಲ್ಬು ಆರುತ್ತದೆ, ಎಲ್‌ಇಡಿ ಉರಿಯುತ್ತಲೇ ಇರುತ್ತದೆ.

ಇನ್ನು ರಿಪೇರಿ. ಬೋರ್ಡಿಗೆ ಮೂರು ಎಳೆಯ ತಂತಿ, ಮೂರು ಪಿನ್ನಿನ ಪ್ಲಗ್, ಸ್ವಿಚ್ಚು ಫೇಸಿನಲ್ಲಿ, ಟರ್ಮಿನಲ್ ಬಾಕ್ಸಿಗೆ ಹೊಸ ತಂತಿ ಮತ್ತು ಬುಶ್. ಆಮೇಲೆ ಎರಡು ಪರೀಕ್ಷೆ, ಎರಡನ್ನೂ ಅದೇ ಪುಟದಲ್ಲಿ ಬರೆಯಬೇಕು. ಮಷೀನಿನ ಮೈಯಿಂದ ಪ್ಲಗ್ಗಿನ ದಪ್ಪ ಪಿನ್ನಿಗೆ 1 ಓಮ್‌ಗಿಂತ ಕಡಿಮೆ ಬರಬೇಕು. ಎರಡು ತಂತಿಗಳನ್ನು ಸೇರಿಸಿ ಮೈಗೆ 500 ವೋಲ್ಟಿನ ಮೆಗ್ಗರ್ ಹಿಡಿದರೆ ಕನಿಷ್ಠ 1 ಮೆಗಾಓಮ್, ಅಂದರೆ ಹತ್ತು ಲಕ್ಷ ಓಮ್, ಬರಬೇಕು.

ಭೂಸಂಪರ್ಕ ಕೊಟ್ಟಾಯಿತು, ಇನ್ನು ಭಯವಿಲ್ಲ ಅನ್ನುವ ಹಾಗಿಲ್ಲ. ನಮ್ಮ ಈ ಭಾಗದ ಮಣ್ಣು ಅದಕ್ಕೆ ಬಿಡುವುದಿಲ್ಲ. ಅವಿಭಜಿತ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್ ಮಳೆ. ಬೇಸಿಗೆಯ ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದು. ಶೆಡ್ಡಿನ ಅರ್ಥ್ ಗುಂಡಿಯ ರೋಧ 20 ಓಮ್, ಟ್ರಾನ್ಸ್‌ಫಾರ್ಮರಿನ ಕಡೆಯದು 5 ಓಮ್ ಎನ್ನೋಣ. ಫೇಸ್ ಮತ್ತೆ ಮೈಗೆ ತಾಗಿದರೆ ಹರಿಯುವುದು 230 / 25, ಅಂದರೆ ಸುಮಾರು 9 ಆಂಪಿಯರ್. 6 ಆಂಪಿಯರಿನ ಫ್ಯೂಸ್ ಇದಕ್ಕೆ ಕೂಡಲೇ ಕರಗದು. ಅಷ್ಟು ಹೊತ್ತೂ ಮಷೀನಿನ ಮೈಯಲ್ಲಿ 9.2 × 20, ಅಂದರೆ 184 ವೋಲ್ಟ್ ಇರುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಬೇಸಿಗೆಯಲ್ಲಿ ನೀರು ಹುಯ್ಯುವುದು ಈ 20ನ್ನು ಕೆಳಗಿಳಿಸಲಿಕ್ಕೇ.

ಈ ಕೊರತೆಯನ್ನು ತುಂಬುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಷ್ಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಎಳೆಯನ್ನು ಕಡಿಯುತ್ತದೆ. ನಮ್ಮ ಶೆಡ್ಡಿನ 150 ಮಿಲಿಆಂಪಿಯರಿಗೆ ಅದು ಖಂಡಿತ ಬೀಳುತ್ತಿತ್ತು. ಆದರೆ ಫೇಸನ್ನು ಒಂದು ಕೈಯಲ್ಲಿ, ನ್ಯೂಟ್ರಲ್ಲನ್ನು ಇನ್ನೊಂದು ಕೈಯಲ್ಲಿ ಹಿಡಿದವನನ್ನು ಅದು ಉಳಿಸುವುದಿಲ್ಲ, ಅವನೂ ಒಂದು ಬಲ್ಬಿನಂತೆಯೇ ಅದಕ್ಕೆ ಕಾಣುತ್ತಾನೆ. ಅದರ ಮೇಲೆ "ಟಿ" ಎಂಬ ಒಂದು ಗುಂಡಿ ಇರುತ್ತದೆ. ಆಗಾಗ ಅದನ್ನು ಒತ್ತಿ, ಬಿತ್ತೋ ಇಲ್ಲವೋ ಎಂದು ದಿನಾಂಕ ಹಾಕಿ ಬರೆದಿಡಬೇಕು. ಆ ಗುಂಡಿ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ಭೂಸಂಪರ್ಕದ ತಂತಿ ತುಂಡಾಗಿದ್ದರೂ ಗುಂಡಿ ಒತ್ತಿದಾಗ ಅದು ಬೀಳುತ್ತದೆ, ಹಾಗಾಗಿ ಮೈಯಿಂದ ದಪ್ಪ ಪಿನ್ನಿನ ಅಳತೆಗೆ ಪುಸ್ತಕದಲ್ಲಿ ಬೇರೆಯೇ ಒಂದು ಸಾಲು ಬೇಕು.